ಮೂರು ಕಡೆಯ ತುಪ್ಪ, ಒಂದೇ ಹೆಸರಿನ ಪ್ಯಾಕೆಟ್

ಬಳ್ಳಾರಿಯಲ್ಲಿ ನಾನು ಆರ್ಡರ್ ಮೇಲೆ ಹೋಳಿಗೆ ಮಾಡಿಕೊಡುತ್ತೇನೆ. ಈ ಸಲ ಉಗಾದಿಗೆ ಒಂದೇ ಬ್ರ್ಯಾಂಡಿನ ಅರ್ಧ ಲೀಟರ್ ತುಪ್ಪ ಮೂರು ಕಡೆಯಿಂದ ಬಂತು. ಆರು ಪ್ಯಾಕೆಟ್ ಹಾಲಿನ ಬೂತಿನಿಂದ, ಆರು ಮಾರ್ಕೆಟ್ಟಿನ ಹೋಲ್‌ಸೇಲ್ ಅಂಗಡಿಯಿಂದ. ಇನ್ನಾರು ಬೈಕಿನಲ್ಲಿ ಬಾಗಿಲಿಗೇ ಬಂದು "ಸ್ಕೀಮ್ ಇದೆ ಅಮ್ಮಾ" ಎಂದು ಪ್ಯಾಕೆಟ್ಟಿಗೆ 40 ರೂಪಾಯಿ ಕಡಿಮೆ ಮಾಡಿ ಕೊಟ್ಟವನದು.

ಅನುಮಾನ ಹುಟ್ಟಿಸಿದ್ದು ನಮ್ಮೂರ ಬಿಸಿಲು. ಏಪ್ರಿಲ್ ಹೊತ್ತಿಗೆ ಇಲ್ಲಿ ತುಪ್ಪ ನೀರಿನಂತೆ ಕರಗಿರುತ್ತದೆ. ಬೈಕಿನವನ ಪ್ಯಾಕೆಟ್ ಇಟ್ಟಿದ್ದ ತಟ್ಟೆ ಮರುದಿನ ಜಿಡ್ಡಾಗಿತ್ತು. ನಮ್ಮ ಚಿಕ್ಕಪ್ಪನ ಮಗ ಪ್ಯಾಕಿಂಗ್ ಮಿಷನ್ ಮೇಲೆ ಕೆಲಸ ಮಾಡಿದವನು. ಹದಿನೆಂಟನ್ನೂ ಮೇಜಿನ ಮೇಲೆ ಹರವಿ, "ಅಕ್ಕಾ, ಮೊದ್ಲು ಅಂಚು ನೋಡು" ಎಂದ.

ಮಿಷನ್ನಿನಲ್ಲಿ ಕೆಳಗಿನ ಪ್ಯಾಕೆಟ್ಟಿನ ತಲೆ ಮತ್ತು ಮೇಲಿನ ಪ್ಯಾಕೆಟ್ಟಿನ ಬುಡ ಒಂದೇ ಏಟಿಗೆ ಸೀಲ್ ಆಗಿ, ನಡುವೆ ಕತ್ತರಿಸಿಕೊಳ್ಳುತ್ತವೆ. ಹಾಗಾಗಿ ಬೂತಿನ ಪ್ಯಾಕೆಟ್ಟಿನಲ್ಲಿ ಮೇಲೂ ಕೆಳಗೂ ಒಂದೇ ತರದ ಗೀರು ಇತ್ತು. ಹೋಲ್‌ಸೇಲ್ ಅಂಗಡಿಯದೂ ಹಾಗೇ. ಬೈಕಿನವನದರ ಬುಡದಲ್ಲಿ ಗೀರುಗಳ ಪಟ್ಟಿ, ತಲೆಯಲ್ಲಿ ಮಾತ್ರ ಕಾಲಲ್ಲಿ ಒತ್ತುವ ಸೀಲಿಂಗ್ ಮಿಷನ್ನಿನ ಒಂದೇ ನುಣುಪು ಗೆರೆ. ಎರಡರಲ್ಲಿ ಆ ಗೆರೆ ಓರೆಯಾಗಿತ್ತು, ಒಂದರಲ್ಲಿ ಎರಡು ಸಲ ಒತ್ತಿದ್ದರು. ಸೋರಿದ್ದು ಅದೇ.

ನನಗೆ ನಿಜಕ್ಕೂ ಆಶ್ಚರ್ಯವಾಗಿದ್ದು ಬ್ಯಾಚ್ ನಂಬರ್ ನೋಡಿದಾಗ. ಸೊಟ್ಟಗಿದ್ದದ್ದು ನಕಲಿ, ನೆಟ್ಟಗಿದ್ದದ್ದು ಅಸಲಿ ಎಂದುಕೊಂಡಿದ್ದೆ. ಇಲ್ಲಿ ಪೂರ್ತಿ ಉಲ್ಟಾ. ಕವರಿನ ಚಿತ್ರ, ಹೆಸರು ಎಲ್ಲ ಮೊದಲೇ ಪ್ರೆಸ್ಸಿನಲ್ಲಿ ಅಚ್ಚಾಗಿ ಸುರುಳಿಯಾಗಿ ಬರುತ್ತವೆ. ಬ್ಯಾಚ್ ಮತ್ತು ದಿನಾಂಕ ಬೀಳುವುದು ಪ್ಯಾಕ್ ಮಾಡುವಾಗ, ಬೇರೆ ಮಿಷನ್ನಿಂದ. ಬೂತಿನ ಆರರಲ್ಲಿ ಆ ಕಪ್ಪು ಅಕ್ಷರಗಳು ಚುಕ್ಕಿ ಚುಕ್ಕಿಯಾಗಿದ್ದವು. ಒಂದರಲ್ಲಿ ಸ್ವಲ್ಪ ಮೇಲೆ, ಇನ್ನೊಂದರಲ್ಲಿ ತುಸು ಪಕ್ಕಕ್ಕೆ. ಪ್ಯಾಕ್ ಮಾಡಿದ ಗಂಟೆ, ನಿಮಿಷವೂ ಇತ್ತು, ಅದು ಪ್ಯಾಕೆಟ್ಟಿಂದ ಪ್ಯಾಕೆಟ್ಟಿಗೆ ಬೇರೆ. ಬೈಕಿನವನ ಆರರಲ್ಲೂ ನಂಬರ್ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಬಣ್ಣವೂ ಕವರಿನ ಬರಹದ್ದೇ. ಅಂದರೆ ಚಿತ್ರದ ಜೊತೆಗೇ ಅಚ್ಚಾಗಿ ಬಂದ ದಿನಾಂಕ ಅದು. ಹಾಗಂತ ಚುಕ್ಕಿ ಇಲ್ಲದ್ದೆಲ್ಲ ನಕಲಿ ಅಲ್ಲ. ಕೆಲವು ಕಂಪನಿಗಳು ರಿಬ್ಬನ್ನಿಂದ ಅಚ್ಚು ಹಾಕುತ್ತವೆ, ಅಲ್ಲಿ ಅಕ್ಷರ ಚುಕ್ಕಿಯಾಗಿ ಒಡೆಯುವುದಿಲ್ಲ.

ಹೋಲ್‌ಸೇಲ್ ಅಂಗಡಿಯದು ಇನ್ನೂ ಚಾಲಾಕಿ. ಸೀಲ್ ಸರಿ, ಕವರ್ ಸರಿ, ಚುಕ್ಕಿಯೂ ಇತ್ತು. ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದಾಗ ಎರಡು ಪ್ಯಾಕೆಟ್ಟಿನಲ್ಲಿ ದಿನಾಂಕದ ಸುತ್ತ ಹೊಳಪು ಮಾಸಿತ್ತು, ಕೆಳಗೆ ಹಳೆಯ ಅಂಕಿಯೊಂದರ ನೆರಳು ಕಾಣುತ್ತಿತ್ತು. ಅಸಲಿ ಪ್ಯಾಕೆಟ್ಟೇ, ಅವಧಿ ಮುಗಿದ ಮೇಲೆ ಹಳೆ ದಿನಾಂಕ ಒರೆಸಿ ಹೊಸದು ಹೊಡೆದಿದ್ದರು. ಥಿನ್ನರ್‌ನಲ್ಲಿ ಒರೆಸಿದರೆ ಅಸಲಿ ಶಾಯಿಯೂ ಹೋಗುತ್ತದೆ. ಆದ್ದರಿಂದ "ಉಜ್ಜಿ ನೋಡಿ, ಅಳಿಸಿದರೆ ನಕಲಿ" ಎಂಬ ಮಾತು ಸುಮ್ನೆ. ಉಜ್ಜಿದ ಗುರುತು ಮೊದಲೇ ಇದೆಯಾ ಎಂದು ನೋಡಬೇಕು.

ಇನ್ನು ಬಣ್ಣದ ಹೊಂದಾಣಿಕೆ. ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಇರುವುದರಿಂದ ಅಸಲಿ ಕವರಿನಲ್ಲೂ ಒಮ್ಮೊಮ್ಮೆ ಅಕ್ಷರದ ಪಕ್ಕ ಬಣ್ಣದ ಅಂಚು ಕಾಣುತ್ತದೆ. ಅದೊಂದನ್ನೇ ನಂಬಬೇಡಿ. ನಾನು ನೋಡಿದ್ದು ಹಿಂಬದಿಯ ಸಣ್ಣ ಕನ್ನಡ ಅಕ್ಷರ. ಬೂತಿನದರಲ್ಲಿ 'ತುಪ್ಪ'ದ ಒತ್ತು ಚೊಕ್ಕವಾಗಿತ್ತು. ಬೈಕಿನವನದರಲ್ಲಿ ಒತ್ತು ಮೆತ್ತಿಕೊಂಡು ಮಸುಕಾಗಿತ್ತು. ಅಸಲಿ ಕವರನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿಸಿದರೆ ಹೀಗಾಗುತ್ತದಂತೆ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಮಾತ್ರ ಸರಿಯಾಗೇ ಇತ್ತು. ಕದ್ದು ಬರೆದದ್ದು ತಪ್ಪಾಗುವುದು ಹೇಗೆ?

ಜೇನಿನ ಬಾಟಲಿಗೆ ಮುಚ್ಚಳ ತೆಗೆದು ಒಳಗಿನ ಫಾಯಿಲ್ ನೋಡುತ್ತೇನೆ. ಬಾಯಿಯ ಸುತ್ತ ಒಂದೇ ಸಮ ಅಂಟಿರಬೇಕು, ಗೋಂದಿನ ಗಂಟು ಇರಬಾರದು. ಖಾರದ ಪುಡಿ ಪ್ಯಾಕೆಟ್ಟಿನ ಗೋಜಿಗೇ ಹೋಗುವುದಿಲ್ಲ, ಬ್ಯಾಡಗಿ ಮೆಣಸಿನಕಾಯಿ ತಂದು ಗಿರಣಿಯಲ್ಲಿ ಹಾಕಿಸುತ್ತೇನೆ.

ನನ್ನ ಲೆಕ್ಕದಲ್ಲಿ ಮೂರರಲ್ಲಿ ಬೂತಿನದೇ ಸರಿ, 40 ರೂಪಾಯಿ ಜಾಸ್ತಿಯಾದರೂ. ಆದರೆ ಸೀಲ್, ನಂಬರ್ ನೋಡಿ ಪ್ಯಾಕೆಟ್ ಬಗ್ಗೆ ಹೇಳಬಹುದು, ಒಳಗಿನ ತುಪ್ಪದಲ್ಲಿ ಏನು ಬೆರೆತಿದೆ ಎಂದು ಹೇಳಲಾಗದು. ಅದಕ್ಕೆ ಲ್ಯಾಬೇ ಬೇಕು. ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಡಿ ಕೊಂಡವರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಮಾಲು ಕೆಟ್ಟದ್ದೆಂದು ವರದಿ ಬಂದರೆ ಶುಲ್ಕ ವಾಪಸ್. ಒಂದೇ ತೊಡಕು: ಪರೀಕ್ಷೆ ಮಾಡಿಸುತ್ತೇನೆ ಎಂದು ಕೊಳ್ಳುವಾಗಲೇ ಮಾರುವವನಿಗೆ ತಿಳಿಸಿರಬೇಕು. ನಾನು ಬೈಕಿನವನ ಹತ್ತಿರ ಬಿಲ್ಲು ಕೂಡ ಕೇಳಿರಲಿಲ್ಲ.