ಟೋಕನ್ ತಗೊಳ್ಳೋದಾ, ಕಾರ್ಡ್ ಮಾಡಿಸೋದಾ?

ಕಲಬುರಗಿಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೊರಟ ತಂಗಿ ಕೇಳಿದ ಪ್ರಶ್ನೆ ಇದು. ಮೆಟ್ರೋದಲ್ಲಿ ದರ ದೂರದ ಹಂತ ನೋಡಿ ಬೀಳುತ್ತದೆ. 2025ರ ಫೆಬ್ರವರಿ ಪಟ್ಟಿಯಲ್ಲಿ 2ರಿಂದ 4 ಕಿ.ಮೀ.ಗೆ 20 ರೂಪಾಯಿ, 4 ದಾಟಿ 6ರವರೆಗೆ 30. ಅಂದ್ರೆ 3.9 ಕಿ.ಮೀ. ಹೋದರೆ 20, 4.1 ಹೋದರೆ 30. ಅದೇ 4.1ಕ್ಕೂ 5.8ಕ್ಕೂ ಒಂದೇ ದರ!

ಟೋಕನ್‌ನಲ್ಲಿ ಇಳಿಯುವ ನಿಲ್ದಾಣ ಮೊದಲೇ ಹೇಳಬೇಕು. 20ರ ಟೋಕನ್ ಹಿಡಿದು ಮುಂದಿನ ಹಂತಕ್ಕೆ ಹೋದರೆ ಗೇಟ್ ತೆರೆಯುವುದಿಲ್ಲ. ಕೌಂಟರ್‌ನಲ್ಲಿ ವ್ಯತ್ಯಾಸ ಕಟ್ಟಬೇಕು. ಕಾರ್ಡ್‌ನಲ್ಲಿ ಹತ್ತಿದ ನಿಲ್ದಾಣ ದಾಖಲಾಗಿರುತ್ತದೆ. ಇಳಿಯುವ ಗೇಟೇ ದರ ಲೆಕ್ಕ ಹಾಕಿ, 5% ರಿಯಾಯಿತಿ ಕೊಟ್ಟು, 30ರ ಬದಲು 28.50 ಕಡಿತ ಮಾಡುತ್ತದೆ. ದಿನಾ ಓಡಾಡೋಳಿಗೆ ಕಾರ್ಡೇ ಸರಿ, ಅಲ್ವಾ? ಬ್ಯಾಲೆನ್ಸ್ ಮಾತ್ರ ನೋಡಿಕೋ, ತಂಗಿ.