ಮೂರು ವರ್ಷ ಆಡಿದ ಮೇಲೆ ಬರೆದ ವಿಮರ್ಶೆ: ಈ ಆಟ ಮಾರುವುದು ಬಲವನ್ನೋ, ಬಟ್ಟೆಯನ್ನೋ, ಅದೃಷ್ಟವನ್ನೋ?

ಮೊದಲೇ ಹೇಳಿಬಿಡುತ್ತೇನೆ, ಆಟ ಚೆನ್ನಾಗಿದೆ. ಮೂರು ನಿಮಿಷದ ಕಾರ್ಡ್ ಕಾಳಗ, ಎಂಟು ಕಾರ್ಡಿನ ಡೆಕ್, ಎದುರಿಗೆ ನಿಜವಾದ ಮನುಷ್ಯ. ಚೆನ್ನಾಗಿಲ್ಲದಿದ್ದರೆ ಮೂರು ವರ್ಷ ಯಾರು ಆಡುತ್ತಾರೆ? ಹೆಸರು ಬರೆಯುತ್ತಿಲ್ಲ. ಇದೇ ಅಚ್ಚಿನ ಆಟಗಳು ಹತ್ತಾರಿವೆ, ನಾನು ಹೇಳಹೊರಟಿದ್ದು ಬಹುಪಾಲು ಅವಕ್ಕೂ ಅನ್ವಯಿಸುತ್ತದೆ. ಕಾಳಗಕ್ಕೆ ಐದರಲ್ಲಿ ನಾಲ್ಕು ಸ್ಟಾರ್, ಅಂಗಡಿಗೆ ಒಂದೂವರೆ.

ಅಂಗಡಿಯ ವಿಚಾರದಲ್ಲಿ ಜೊತೆಗೆ ಆಡುವವರ ಗುಂಪಾದ ನಮ್ಮ ಕ್ಲ್ಯಾನ್‌ನಲ್ಲಿ ವಾರಕ್ಕೊಮ್ಮೆಯಾದರೂ ಜಗಳ. ಇದು ಪಕ್ಕಾ ಪೇ-ಟು-ವಿನ್, ದುಡ್ಡು ಕೊಟ್ಟರೆ ಬಲ ಸಿಗುತ್ತದೆ ಅಂತ ಒಬ್ಬರು, ದುಡ್ಡು ಹಾಕೋದು ಬರೀ ಸ್ಕಿನ್ನಿಗೆ, ಅಂದರೆ ಪಾತ್ರದ ಬಟ್ಟೆ-ಬಣ್ಣಕ್ಕೆ ಅಂತ ಇನ್ನೊಬ್ಬರು, ಅದೆಲ್ಲ ಬಿಡಿ, ಇದು ಲೂಟ್ ಬಾಕ್ಸ್ ಆಟ, ಒಳಗೇನಿದೆ ಅಂತ ಗೊತ್ತಿಲ್ಲದೆ ಪೆಟ್ಟಿಗೆ ಕೊಳ್ಳೋದು ಅಂತ ಮತ್ತೊಬ್ಬರು. ಒಂದು ವರ್ಷ ನಾನೂ ಈ ಮೂರರಲ್ಲಿ ಯಾವುದಾದರೂ ಒಂದೇ ಸರಿ ಇರಬೇಕು ಅಂದುಕೊಂಡಿದ್ದೆ. ತಪ್ಪಿದ್ದು ಅಲ್ಲೇ. ಪೇ-ಟು-ವಿನ್, ಬರೀ ನೋಟದ ಕಾಸ್ಮೆಟಿಕ್ ಎರಡೂ ‘ಏನು ಮಾರುತ್ತಾರೆ’ ಅನ್ನುವುದಕ್ಕೆ ಉತ್ತರ. ಲೂಟ್ ಬಾಕ್ಸ್ ಅನ್ನುವುದು ‘ಹೇಗೆ ಮಾರುತ್ತಾರೆ’ ಅನ್ನುವುದಕ್ಕೆ. ಸ್ಕಿನ್ನನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಮಾರಬಹುದು, ಬಲವನ್ನು ಬೆಲೆ ಚೀಟಿ ಅಂಟಿಸಿ ನೇರವಾಗಿಯೂ ಮಾರಬಹುದು. ಈ ಆಟ ಸ್ಕಿನ್ನುಗಳನ್ನು ನೇರವಾಗಿ ಮಾರುತ್ತದೆ, ಬಲವನ್ನು ಪೆಟ್ಟಿಗೆಯಲ್ಲಿಟ್ಟು ಮಾರುತ್ತದೆ. ಕ್ಲ್ಯಾನ್‌ನ ಮೂವರೂ ಆನೆ ಮುಟ್ಟಿದ ಕುರುಡರೇ.

ಬಲ ಮಾರುತ್ತಾರೆ ಅಂತ ನನಗೆ ಗೊತ್ತಾಗಿದ್ದು ಒಂದು ರೀಪ್ಲೇ ನೋಡುವಾಗ. ಪೇ-ಟು-ವಿನ್ ಅಂದರೆ ದುಡ್ಡು ಕೊಟ್ಟವನು ಪ್ರತಿ ಸಲ ಗೆಲ್ಲುವುದು ಅಂದುಕೊಂಡಿದ್ದೆ. ಹಾಗಿದ್ದಿದ್ದರೆ ಪತ್ತೆ ಸುಲಭವಿತ್ತು. ನನ್ನ ಬಾಣದ ಮಳೆ ಕಾರ್ಡಿನ ಪೆಟ್ಟು 200. ಅದೇ ಲೆವೆಲ್ಲಿನ ಸಣ್ಣ ಸೈನಿಕನ ಪ್ರಾಣ 190. ಅಂದರೆ ಬಾಣ ಬಿದ್ದರೆ ಸೈನಿಕರ ಗುಂಪು ಪೂರ್ತಿ ಸಾಯಬೇಕು, ಇಡೀ ಡೆಕ್ಕಿನ ಲೆಕ್ಕಾಚಾರವೇ ಅದರ ಮೇಲಿದೆ. ಆದರೆ ಇಲ್ಲಿ ಒಂದೊಂದು ಲೆವೆಲ್ಲಿಗೂ ಕಾರ್ಡಿನ ಅಂಕಿಗಳು ಶೇಕಡ 10ರಷ್ಟು ಏರುತ್ತವೆ. ಎದುರಾಳಿಯ ಸೈನಿಕರು ಒಂದೇ ಲೆವೆಲ್ ಮೇಲಿದ್ದರೂ ಅವರ ಪ್ರಾಣ 209. ಬಾಣ ಬಿತ್ತು, ಹದಿನೈದು ಜನಕ್ಕೂ 9 ಪ್ರಾಣ ಉಳಿಯಿತು, ಹದಿನೈದು ಜನವೂ ಬಂದು ನನ್ನ ಗೋಪುರ ಕೆಡವಿದರು. ಮೇಲ್ನೋಟಕ್ಕೆ ವ್ಯತ್ಯಾಸ ಶೇಕಡ 10. ಅಖಾಡದಲ್ಲಿ ನನ್ನದೊಂದು ಕಾರ್ಡೇ ಕೆಲಸಕ್ಕೆ ಬಾರದಂತಾಯಿತು.

ಹಾಗಾಗಿ ಅಂಗಡಿಯ ಯಾವುದೇ ವಸ್ತು ನೋಡಿದರೂ ನನ್ನ ಪ್ರಶ್ನೆ ಒಂದೇ: ಇದನ್ನು ಕೊಂಡರೆ ಕಾಳಗದೊಳಗಿನ ಯಾವುದಾದರೂ ಅಂಕಿ ಬದಲಾಗುತ್ತದೆಯೇ? ಚಿನ್ನ, ಕಾರ್ಡಿನ ಪ್ರತಿಗಳು, ಪೆಟ್ಟಿಗೆ ಬೇಗ ತೆರೆಯುವ ಕೀಲಿ, ಇವು ಯಾವುದೂ ನೇರವಾಗಿ ಬಲ ಅಲ್ಲ. ಆದರೆ ಎರಡು ಹೆಜ್ಜೆ ಮುಂದೆ ಎಲ್ಲವೂ ಲೆವೆಲ್ ಆಗುತ್ತವೆ. ಅಂಗಡಿಯವರಿಗೆ ಆ ಎರಡು ಹೆಜ್ಜೆಯ ಅಂತರವೇ ಅನುಕೂಲ. ‘ನಾವು ಬಲ ಮಾರಲ್ಲ, ಸಮಯ ಮಾರುತ್ತೇವೆ’ ಅನ್ನಬಹುದಲ್ಲ.

ಸಮಯದ ಆ ಮಾತನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿದೆ. ನಾನು ಸಿಕ್ಕಿಬಿದ್ದ ಲೆವೆಲ್ಲಿನಿಂದ ಮುಂದಿನದಕ್ಕೆ ಒಂದು ಕಾರ್ಡಿನ 800 ಪ್ರತಿ ಬೇಕು. ದುಡ್ಡು ಹಾಕದೆ, ಒಂದು ದಿನವೂ ತಪ್ಪಿಸದೆ ಆಡಿದರೆ ಒಂದೇ ಕಾರ್ಡಿಗೆ ದಿನಕ್ಕೆ ಹೆಚ್ಚೆಂದರೆ 25 ಪ್ರತಿ. ಅಂದರೆ 32 ದಿನ. ಎಂಟು ಕಾರ್ಡಿಗೆ 256 ದಿನ, ಎಂಟು ತಿಂಗಳ ಮೇಲಾಯಿತು. ನಾನು ಆರನೇ ಕಾರ್ಡಿಗೆ ಬರುವಷ್ಟರಲ್ಲಿ ಗರಿಷ್ಠ ಲೆವೆಲ್ಲನ್ನೇ ಒಂದು ಮೆಟ್ಟಿಲು ಮೇಲೆತ್ತಿದರು. ಗುರಿ ಸರಿಯುತ್ತಲೇ ಇದ್ದರೆ ಕಾದವನು ದುಡ್ಡು ಕೊಟ್ಟವನನ್ನು ಮುಟ್ಟುವುದೇ ಇಲ್ಲ. ಕಾಯುವವನೂ ಕೊನೆಗೆ ಅದೇ ಜಾಗ ತಲುಪುವ ಆಟಗಳು ಇವೆ, ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಆಟದ ಸುದ್ದಿ ಪುಟದಲ್ಲಿ ಗರಿಷ್ಠ ಲೆವೆಲ್ ಎಷ್ಟು ಸಲ ಏರಿದೆ ಅಂತ ಹಿಂದಕ್ಕೆ ಸ್ಕ್ರೋಲ್ ಮಾಡಿ ನೋಡಿದರೆ ಯಾವ ಜಾತಿಯದು ಅಂತ ತಿಳಿಯುತ್ತದೆ.

ಎರಡು ಮೋಡ್‌ಗಳ ಫಲಿತಾಂಶವನ್ನೂ ಬರೆದಿಟ್ಟುಕೊಂಡೆ. ವಾರಾಂತ್ಯದ ಟೂರ್ನಮೆಂಟಿನಲ್ಲಿ ಎಲ್ಲರ ಕಾರ್ಡುಗಳೂ ಒಂದೇ ಲೆವೆಲ್ಲಿಗೆ ಬಂದು ನಿಲ್ಲುತ್ತವೆ. ಅಲ್ಲಿ 100 ಆಟದಲ್ಲಿ 57 ಗೆದ್ದೆ. ಅವರವರ ಲೆವೆಲ್ಲಿನಲ್ಲೇ ಆಡಿ ಶ್ರೇಯಾಂಕ ಏರುವ ಮಾಮೂಲಿ ಲ್ಯಾಡರ್‌ನಲ್ಲಿ 44. ಎರಡು ಕಡೆ ಎದುರಾಳಿಗಳು ಬೇರೆಬೇರೆಯವರಾದ್ದರಿಂದ ಇದನ್ನೇ ಸಾಕ್ಷಿ ಅನ್ನಲಾರೆ. ಸಾಕ್ಷಿ ಬೇಕಿದ್ದರೆ ಸೋತ ಆಟದ ರೀಪ್ಲೇ ಇದೆ. ಆ ಬಾಣ ಬಿದ್ದ ಕ್ಷಣದಲ್ಲಿ ನಿಲ್ಲಿಸಿ, ಉಳಿದ ಪ್ರಾಣದ ಪಟ್ಟಿ ನೋಡಿದರೆ ಸಾಕು. ನಿಮ್ಮ ತಪ್ಪಿನಿಂದ ಸೋತಿರೋ ಅವನ ಲೆವೆಲ್ಲಿನಿಂದ ಸೋತಿರೋ ಅಲ್ಲಿ ಕಾಣುತ್ತದೆ. ನನ್ನ ಅರ್ಧ ಸೋಲುಗಳು ನನ್ನವೇ, ಅದನ್ನೂ ಒಪ್ಪಿಕೊಳ್ಳಬೇಕು.

ಇನ್ನು ಬಟ್ಟೆಯ ವಿಚಾರ. ಅಕ್ಕನ ಮಗನೂ ಇದೇ ಆಟ ಆಡುತ್ತಾನೆ. ಒಂದಿನ ಬಂದು, “ಮಾಮ, ಆ ಕೆಂಪು ಡ್ರ್ಯಾಗನ್ ಸ್ಕಿನ್ ತಗೊಳ್ಳಾ? ಬರೀ ಕಾಸ್ಮೆಟಿಕ್ ಅಂತೆ” ಅಂದ.

“ಅದರ ಪುಟ ತೆಗಿ. ಎಲ್ಲಾದ್ರೂ ಪ್ಲಸ್ ಗುರುತು ಇದ್ಯಾ ನೋಡು.”

ಇರಲಿಲ್ಲ. ಕೆಲವು ಆಟಗಳಲ್ಲಿ ಸ್ಕಿನ್ನಿನ ವಿವರದ ಕೆಳಗೆ ಸಣ್ಣ ಅಕ್ಷರದಲ್ಲಿ ದಾಳಿಗೆ ಇಷ್ಟು, ಪ್ರಾಣಕ್ಕೆ ಇಷ್ಟು ಅಂತ ಇರುತ್ತದೆ. ಆಗ ಅದು ಬಟ್ಟೆಯ ವೇಷದ ಆಯುಧ. ಆದರೆ ಅಂಕಿ ಇಲ್ಲ ಅಂದಮಾತ್ರಕ್ಕೆ ಕಾಸ್ಮೆಟಿಕ್ ಅಂತಲೂ ಅಲ್ಲ. ನೋಟವೇ ಲಾಭವಾಗಬಹುದು. ಮೊಬೈಲ್ ಆಟವಲ್ಲದಿದ್ದರೂ ಕಾಲ್ ಆಫ್ ಡ್ಯೂಟಿ ವಾರ್‌ಝೋನ್ ಇದಕ್ಕೆ ಒಳ್ಳೇ ಉದಾಹರಣೆ. ಅದರಲ್ಲಿ ರೋಜ್ ಅನ್ನುವ ಪಾತ್ರದ ಕಡುಗಪ್ಪು ಉಡುಪು ಹಾಕಿಕೊಂಡು ಕತ್ತಲ ಮೂಲೆಯಲ್ಲಿ ನಿಂತವರು ಕಾಣುತ್ತಲೇ ಇರಲಿಲ್ಲ. ದೂರು ಜಾಸ್ತಿಯಾಗಿ 2021ರಲ್ಲಿ ಉಡುಪಿನ ಬಣ್ಣ ತಿದ್ದಬೇಕಾಯಿತು. ನಮ್ಮ ಆಟದಲ್ಲೂ ಒಂದು ಮಂತ್ರದ ಸ್ಕಿನ್ ಇತ್ತು. ಪೆಟ್ಟು ಎಲ್ಲಿಯವರೆಗೆ ತಾಗುತ್ತದೆ ಅಂತ ತೋರಿಸುವ ವೃತ್ತವೇ ಅದರಲ್ಲಿ ಮಸುಕು. ಎದುರಿನವರಿಗೆ ತಪ್ಪಿಸಿಕೊಳ್ಳಲು ಗುರುತೇ ಸಿಗುತ್ತಿರಲಿಲ್ಲ. ಕೆಲವು ವಾರ ಮಾರಿ, ಆಮೇಲೆ ಸದ್ದಿಲ್ಲದೆ ಸರಿಮಾಡಿದರು. ಕೆಂಪು ಡ್ರ್ಯಾಗನ್ನಿನಲ್ಲಿ ಅಂಥದ್ದೇನೂ ಇಲ್ಲ, ನೇರ ಬೆಲೆ, ಮಾಮೂಲಿಗಿಂತ ಎದ್ದು ಕಾಣುತ್ತದೆ ಬೇರೆ. ಅವನು ತಗೊಂಡ. ಚೆನ್ನಾಗೇ ಇದೆ.

ನನ್ನ ದುಡ್ಡು ಹೋಗಿದ್ದು ಪೆಟ್ಟಿಗೆಗೆ. ಎರಡನೇ ವರ್ಷ ಒಬ್ಬ ಹೊಸ ಹೀರೋ ಬಂದ. ಸ್ವಲ್ಪ ದಿನ ಮಾತ್ರ ಇರುವ ಪೆಟ್ಟಿಗೆ ಮಾರಾಟದ ಬ್ಯಾನರಿನಲ್ಲಿ ಅವನದೇ ಚಿತ್ರ, ಕೆಳಗೆ ‘ಲೆಜೆಂಡರಿ ಸಾಧ್ಯತೆ 1%’. ಲೆಜೆಂಡರಿ ಅಂದರೆ ಅತಿ ಅಪರೂಪದ ದರ್ಜೆ. ನೂರು ಪೆಟ್ಟಿಗೆ ತೆರೆದರೆ ಒಂದು ಗ್ಯಾರಂಟಿ ಅಂತ ಮನಸ್ಸು ತಾನೇ ಲೆಕ್ಕ ಹಾಕಿತು. ಇಷ್ಟು ಪೆಟ್ಟಿಗೆಗೆ ಒಂದು ಖಾತ್ರಿ ಅನ್ನುವ ಬೇರೆ ನಿಯಮವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಬರೀ ಆ 1%ರಲ್ಲೇ ಲೆಕ್ಕ ಹಾಕಿದರೆ ಅದು ಎರಡು ಕಡೆ ತಪ್ಪು. ಒಂದು, ಪ್ರತಿ ಪೆಟ್ಟಿಗೆಯೂ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ, ಹಿಂದಿನದು ಅದಕ್ಕೆ ನೆನಪಿರುವುದಿಲ್ಲ. ನೂರು ಸಲವೂ ಕೈತಪ್ಪುವ ಸಾಧ್ಯತೆ 0.99ನ್ನು ನೂರು ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇಕಡ 37. ಈ ಲೆಕ್ಕದಲ್ಲಿ ನೂರು ಜನ ನೂರು ನೂರು ಪೆಟ್ಟಿಗೆ ತೆರೆದರೆ ಸುಮಾರು ಮೂವತ್ತೇಳು ಜನಕ್ಕೆ ಒಂದೂ ಲೆಜೆಂಡರಿ ಇಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು. ಆ 1% ಯಾವುದೋ ಒಂದು ಲೆಜೆಂಡರಿಗೆ, ಚಿತ್ರದಲ್ಲಿರುವವನಿಗಲ್ಲ. ಮೂಲೆಯಲ್ಲಿದ್ದ ಪುಟ್ಟ ‘i’ ಒತ್ತಿದಾಗ ಪಟ್ಟಿ ಬಂತು. ಒಟ್ಟು 40 ಲೆಜೆಂಡರಿಗಳು, ಎಲ್ಲರಿಗೂ ಸಮಪಾಲು. ನನಗೆ ಬೇಕಾದವನಿಗೆ 0.025%, ಅಂದರೆ 4000 ಪೆಟ್ಟಿಗೆಗೆ ಸರಾಸರಿ ಒಂದು. ನೂರು ಪೆಟ್ಟಿಗೆಗೆ ಅವನು ಸಿಗುವ ಸಾಧ್ಯತೆ ಹೆಚ್ಚೂಕಡಿಮೆ ಶೇಕಡ ಎರಡೂವರೆ. ಇದನ್ನು ನಾನು ಓದಿದ್ದು ಅರವತ್ತು ಪೆಟ್ಟಿಗೆ ತೆರೆದ ಮೇಲೆ. ಬಂದಿದ್ದು ಒಬ್ಬ ಲೆಜೆಂಡರಿ, ಅದೂ ನನ್ನ ಹತ್ತಿರ ಮೊದಲೇ ಇದ್ದವನು.

ಪಟ್ಟಿಯನ್ನು ಅಷ್ಟಾದರೂ ತೋರಿಸುವುದು ಅವರ ಔದಾರ್ಯ ಅಲ್ಲ. 2017ರಲ್ಲಿ ಚೀನಾ ಸರ್ಕಾರ ಸಾಧ್ಯತೆ ಪ್ರಕಟಿಸಲೇಬೇಕು ಅಂತ ನಿಯಮ ತಂತು. ಅದೇ ವರ್ಷದ ಡಿಸೆಂಬರಿನಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರಿನಲ್ಲಿ, ಕೊಳ್ಳುವ ಮೊದಲೇ ಗ್ರಾಹಕರಿಗೆ ತೋರಿಸಬೇಕು ಅಂತ ಕಡ್ಡಾಯ ಮಾಡಿತು. ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಇನ್ನೂ ಮುಂದೆ ಹೋಗಿ, ದುಡ್ಡು ಕೊಟ್ಟು ತೆರೆಯುವ ಕೆಲವು ಆಟಗಳ ಪೆಟ್ಟಿಗೆಗಳನ್ನು ಜೂಜು ಅಂತಲೇ ಹೇಳಿತು. ಆದರೆ ನಿಯಮ ಪಾಲಿಸುವುದಕ್ಕೂ ಕಣ್ಣಿಗೆ ಬೀಳುವಂತೆ ಇಡುವುದಕ್ಕೂ ನಡುವೆ ಆ ಪುಟ್ಟ ‘i’ ಇದೆ.

ಆಗ ಹೇಳಿದ ಖಾತ್ರಿ ನಿಯಮದ ಹೆಸರು ಪಿಟಿ, ಇಷ್ಟು ಸಲ ಸಿಗದಿದ್ದರೆ ಮುಂದಿನದು ಖಾತ್ರಿ ಅನ್ನುವ ಲೆಕ್ಕ. ಮತ್ತೊಂದು ಆಟವಾದ ಗೆನ್ಶಿನ್ ಇಂಪ್ಯಾಕ್ಟ್‌ನ ಪಾತ್ರದ ಬ್ಯಾನರಿನಲ್ಲಿ ಐದು ಸ್ಟಾರ್ ದರ್ಜೆಗೆ, ಅಂದರೆ ಅಲ್ಲಿನ ಲೆಜೆಂಡರಿಗೆ, ಮೂಲ ಸಾಧ್ಯತೆ 0.6%, 90ನೆಯದಕ್ಕೆ ಖಾತ್ರಿ. ಇಲ್ಲಿ ಓದಬೇಕಾದ್ದು ಎರಡು: ಖಾತ್ರಿ ಯಾರೋ ಒಬ್ಬರಿಗೋ ಚಿತ್ರದವನಿಗೋ, ಬ್ಯಾನರ್ ಮುಗಿದಾಗ ಎಣಿಕೆ ಮುಂದಿನದಕ್ಕೆ ಹೋಗುತ್ತದೋ ಅಥವಾ ಸೊನ್ನೆಯಾಗುತ್ತದೋ. ನಮ್ಮ ಆಟದಲ್ಲಿ ಖಾತ್ರಿ 80ಕ್ಕೆ, ಯಾರೋ ಒಬ್ಬರಿಗೆ, ಬ್ಯಾನರ್ ಮುಗಿದರೆ ಸೊನ್ನೆ. ಆ ಒಬ್ಬ ಸಿಕ್ಕ ಮೇಲಿನ ನನ್ನ ಎಣಿಕೆ ಭಾನುವಾರ ರಾತ್ರಿ ಮಾಯವಾಯಿತು.

ಜೆಮ್ಮುಗಳ ಆಟವೂ ಸಣ್ಣದಲ್ಲ. ಪೆಟ್ಟಿಗೆ ಕೊಳ್ಳಲು ಬೇಕಾದ ಆಟದೊಳಗಿನ ನಾಣ್ಯವಾದ ಜೆಮ್ಮು ಸಿಗುವುದು 500ರ ಕಟ್ಟಿನಲ್ಲಿ, ಪೆಟ್ಟಿಗೆ ಒಂದಕ್ಕೆ 160. ಮೂರು ತೆರೆದರೆ 20 ಉಳಿಯುತ್ತದೆ, ಯಾವುದಕ್ಕೂ ಸಾಲದು. ಅದನ್ನು ವೇಸ್ಟ್ ಮಾಡಬಾರದು ಅಂತ ಇನ್ನೊಂದು ಕಟ್ಟು. ಪೆಟ್ಟಿಗೆಯಲ್ಲಿದ್ದದ್ದು ಬರೀ ಸ್ಕಿನ್ನಾಗಿದ್ದರೆ ಇದು ನನ್ನ ಜೇಬಿನ ಮಟ್ಟಿಗಿನ ಗೋಳು. ಒಳಗಿರುವುದು ಬಲ ಆದ್ದರಿಂದ, ಪೆಟ್ಟಿಗೆಗೆ ಕೈ ಹಾಕದವನೂ ಅದರ ಪೆಟ್ಟು ತಿನ್ನುತ್ತಾನೆ, ಆ ಹದಿನೈದು ಸೈನಿಕರ ರೂಪದಲ್ಲಿ.

ಈಗ ಲ್ಯಾಡರ್ ಬಿಟ್ಟಿದ್ದೇನೆ, ಟೂರ್ನಮೆಂಟ್ ಮಾತ್ರ. ಹಾಗೆ ಆಡುವುದಾದರೆ ಹಾಕಿಕೊಳ್ಳಿ, ಒಂದು ಪೈಸೆ ಬೇಡ. ಲ್ಯಾಡರ್ ಹತ್ತುವ ಆಸೆ ಇದ್ದರೆ ಬೇರೆ ಆಟ ನೋಡಿ. ಆ ಹೀರೋ ನನಗೆ ಇವತ್ತಿಗೂ ಸಿಕ್ಕಿಲ್ಲ. ಅಕ್ಕನ ಮಗನಿಗೆ ಮಾತ್ರ ಹೋದ ತಿಂಗಳು ಪುಗಸಟ್ಟೆ ಪೆಟ್ಟಿಗೆಯಲ್ಲಿ ಬಂದ, ಅವನು ಡೆಕ್ಕಿನಲ್ಲಿ ಹಾಕಿಕೊಂಡೂ ಇಲ್ಲ.