ಕೊಬ್ಬಿನ ಪರ್ಸೆಂಟೇಜ್ ತೋರಿಸುವ ತೂಕದ ಮಷಿನ್: ವರ್ಷದ ಮೇಲೆ ಬಳಸಿದ ಅನುಭವ

ದಾವಣಗೆರೆಯ ನಮ್ಮ ಕಾಲೇಜಿನ ಫಿಟ್‌ನೆಸ್ ಕ್ಲಬ್ಬಿನಲ್ಲಿ ಒಂದು ಬಾಡಿ ಫ್ಯಾಟ್ ಮಷಿನ್ ಇದೆ. ಬರಿಗಾಲಲ್ಲಿ ಮೇಲೆ ನಿಂತರೆ ತೂಕ, ಬಿಎಂಐ, ಕೊಬ್ಬು, ಸ್ನಾಯು, ಮೂಳೆ ಎಲ್ಲವೂ ಮೊಬೈಲಿಗೆ ಬರುತ್ತದೆ. ಅದೇ ಮಾಡೆಲ್ ನಮ್ಮ ಮನೆಯಲ್ಲೂ ಇದೆ. ತೂಕ ತೋರಿಸುವುದರಲ್ಲಿ ಇದುವರೆಗೆ ಒಂದು ದೂರೂ ಇಲ್ಲ. ಕೊಬ್ಬಿನ ಅಂಕಿಯನ್ನು ಎಷ್ಟು ನಂಬಬೇಕು ಅನ್ನುವುದು ನನಗೆ ಸರಿಯಾಗಿ ಗೊತ್ತಾಗಿದ್ದು ಮಾತ್ರ, ಹೊಸ ವಿದ್ಯಾರ್ಥಿಗಳಿಗಾಗಿ ಕ್ಲಬ್ಬಿನ ಅಧ್ಯಕ್ಷೆ ಮಾಡಿದ ಭಾಷಣದಲ್ಲಿ. ಈ ಮಷಿನ್ ಕೊಳ್ಳುವವರಿಗೆ ಜೊತೆಗೆ ಬರುವ ಪುಸ್ತಕಕ್ಕಿಂತ ಆ ಭಾಷಣವೇ ಹೆಚ್ಚು ಉಪಯೋಗ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ಮೊದಲು ಎಲ್ಲರೆದುರು ಮಷಿನ್ ಮೇಲೆ ನಿಂತರು. ತೂಕ 56 ಕೆಜಿ, ಕೊಬ್ಬು ಶೇ. 27.5. ಆಮೇಲೆ ಅಲ್ಲೇ ಒಂದು ಲೀಟರ್ ನೀರು ಕುಡಿದು ಮತ್ತೆ ನಿಂತರು. ತೂಕ 57 ಆಯಿತು, ಅದು ಸರಿಯೇ. ಆದರೆ ಕೊಬ್ಬು ಶೇ. 28.3ಕ್ಕೆ ಏರಿತ್ತು! "ಲೆಕ್ಕ ಹಾಕಿ ನೋಡ್ರಪ್ಪಾ," ಅಂದರು. "ಮೊದಲು 15.4 ಕೆಜಿ ಕೊಬ್ಬಿತ್ತು, ಈಗ 16.1. ಬರೀ ನೀರು ಕುಡಿದರೆ ಏಳುನೂರು ಗ್ರಾಂ ಕೊಬ್ಬು ಬರುತ್ತಾ?"

ಕಾರಣವನ್ನೂ ಬಿಡಿಸಿ ಹೇಳಿದರು. ಈ ಮಷಿನ್ ಕೊಬ್ಬನ್ನು ನೇರವಾಗಿ ಅಳೆಯುವುದೇ ಇಲ್ಲ. ಒಂದು ಪಾದದಿಂದ ಇನ್ನೊಂದು ಪಾದಕ್ಕೆ ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಹಾಯಿಸುತ್ತದೆ. ನೀರಿನಂಶ ಜಾಸ್ತಿ ಇರುವ ಸ್ನಾಯುವಿನಲ್ಲಿ ಅದು ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ತಡೆ ಜಾಸ್ತಿ. ಆ ತಡೆಗೆ ಎತ್ತರ, ತೂಕ, ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನು ಸೇರಿಸಿ ಒಂದು ಸೂತ್ರದಿಂದ ಅಂದಾಜು ಮಾಡುತ್ತದೆ. ಆಗತಾನೇ ಕುಡಿದ ನೀರು ಹೊಟ್ಟೆಯಲ್ಲೇ ಇರುತ್ತದೆ. ಕರೆಂಟ್ ಓಡಾಡುವುದು ಹೆಚ್ಚಾಗಿ ಕಾಲುಗಳಲ್ಲಿ. ಹಾಗಾಗಿ ತಡೆ ಬದಲಾಗದೆ ತೂಕ ಮಾತ್ರ ಏರುತ್ತದೆ, ಸೂತ್ರ ಆ ಹೆಚ್ಚುವರಿ ತೂಕದ ಬಹುಪಾಲನ್ನು ಕೊಬ್ಬಿನ ಖಾತೆಗೆ ಹಾಕುತ್ತದೆ. ಆಪ್‌ನಲ್ಲಿ ಅಥ್ಲೀಟ್ ಮೋಡ್ ಒತ್ತಿದರಂತೂ ಸೂತ್ರವೇ ಬೇರೆ. ಅದೇ ದೇಹಕ್ಕೆ ಕೊಬ್ಬು ಥಟ್ಟನೆ ಕಡಿಮೆ ಬರುತ್ತದೆ.

ಹಾಗಾದರೆ ಬಿಎಂಐ ನೋಡಿದರೆ ಸಾಕಲ್ವಾ ಅಂತ ಯಾರೋ ಕೇಳಿದರು. ಅದಕ್ಕೆ ಕ್ಲಬ್ಬಿನ ಇಬ್ಬರು ಹುಡುಗರನ್ನು ಮುಂದೆ ಕರೆದರು. ಇಬ್ಬರದೂ ಎತ್ತರ 170 ಸೆಂ.ಮೀ., ತೂಕ 72 ಕೆಜಿ. ಇಬ್ಬರ ಬಿಎಂಐ 24.9. ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ ಅಂತ ಲೆಕ್ಕ, ಆದ್ದರಿಂದ ಇಬ್ಬರೂ ಒಂದೇ ಪಟ್ಟಿಗೆ ಸೇರುತ್ತಾರೆ. ಒಬ್ಬ ಗರಡಿಗೆ ಹೋಗುವ ಕುಸ್ತಿ ಹುಡುಗ, ಅವನ ಸೊಂಟ 79 ಸೆಂ.ಮೀ. ಇನ್ನೊಬ್ಬ ಹೆಚ್ಚು ಕೂತೇ ಓದುವವನು, ಅವನದು 94. ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ದಾಟಿದರೆ ಹೊಟ್ಟೆಯೊಳಗಿನ ಕೊಬ್ಬಿನ ಬಗ್ಗೆ ಎಚ್ಚರ ಬೇಕು. ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ಹೆಚ್ಚು ನಂಟು ಆ ಕೊಬ್ಬಿಗೇ. ಬಿಎಂಐಗೆ ಈ ಇಬ್ಬರ ನಡುವೆ ವ್ಯತ್ಯಾಸವೇ ಕಾಣಲಿಲ್ಲ, ಟೇಲರ್ ಟೇಪಿಗೆ ಕಂಡಿತು.

ನನಗೆ ತುಂಬಾ ಹಿಡಿಸಿದ್ದು, ಅವರು ಟೇಪನ್ನೂ ತಲೆ ಮೇಲೆ ಹೊತ್ತುಕೊಳ್ಳಲಿಲ್ಲ. ಸೊಂಟ ಸಣ್ಣಗಿದ್ದು ಕೈಕಾಲಿನಲ್ಲಿ ಸ್ನಾಯುವೇ ಇಲ್ಲದವರು ನಮ್ಮ ಕಾಲೇಜಿನಲ್ಲಿ ಎಷ್ಟೋ ಜನ ಇದ್ದಾರೆ, ಅದು ಟೇಪಿಗೆ ಗೊತ್ತಾಗುವುದಿಲ್ಲ ಅಂದರು. ಅದಕ್ಕೆ ತೂಕ, ಸೊಂಟ, ಎಷ್ಟು ದಂಡ ಹೊಡೆಯಬಲ್ಲೆ ಅನ್ನುವುದು, ಮೂರನ್ನೂ ಒಂದೇ ಪುಟದಲ್ಲಿ ಬರೆದಿಡಲು ಹೇಳಿದರು. ಸೊಂಟ ಅಳೆಯುವ ಜಾಗ ಪ್ಯಾಂಟ್ ಕಟ್ಟುವ ಜಾಗವಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ, ಟೇಪ್ ಚರ್ಮ ಒತ್ತದ ಹಾಗೆ ಹಿಡಿಯಬೇಕು.

ನಾನು ಮನೆಯಲ್ಲಿ ಹಾಗೇ ಮಾಡುತ್ತಿದ್ದೇನೆ. ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯದೆ, ಯಾವಾಗಲೂ ಒಂದೇ ಮೋಡ್‌ನಲ್ಲಿ ನಿಲ್ಲುತ್ತೇನೆ. ಆದರೂ ಕೊಬ್ಬಿನ ಅಂಕಿ ದಿನದಿಂದ ದಿನಕ್ಕೆ ಒಂದೆರಡು ಪಾಯಿಂಟ್ ಆಡುತ್ತದೆ. ವಾರದ ಸರಾಸರಿ ಅಷ್ಟು ಕುಣಿಯುವುದಿಲ್ಲ. ಇಲ್ಲಿನ ಬೇಸಿಗೆಯಲ್ಲಿ ಹಿಮ್ಮಡಿ ಒಡೆದು ಪಾದ ಒಣಗಿದಾಗ ರೀಡಿಂಗ್ ಹೆಚ್ಚು ತಪ್ಪುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಪಾದ ಒರೆಸಿಕೊಂಡು ನಿಂತರೆ ಸರಿಹೋಗುತ್ತದೆ. ಮೂಳೆಯ ತೂಕವೂ ಅದೇ ಸೂತ್ರದಿಂದ ಹುಟ್ಟಿದ್ದು, ನಾನು ಅದನ್ನು ನೋಡುವುದನ್ನೇ ಬಿಟ್ಟಿದ್ದೇನೆ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ತಿಂಗಳುಗಟ್ಟಲೆ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ನೋಡುವ ತಾಳ್ಮೆ ಇದ್ದರೆ ಕೊಳ್ಳಿ. ಇಲ್ಲದಿದ್ದರೆ ಸಾದಾ ತೂಕದ ಮಷಿನ್, ಒಂದು ಟೇಲರ್ ಟೇಪ್ ಸಾಕು. ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಅವರನ್ನು ಇದರ ಮೇಲೆ ನಿಲ್ಲಿಸಬೇಡಿ.